ಧಾಟಿ ಹಳೆಯದು, ಮಾತು ಹೊಸದು: ಎಂಟು ಸ್ವರಕ್ಕೆ ಹತ್ತು ಅಕ್ಷರ ಕೂತ ಕಥೆ

ಕಳೆದ ಮುಂಗಾರಿಗೆ ಮುಂಚೆ ನಮ್ಮ ತಾಲ್ಲೂಕಿನ ಒಂದು ಸಂತೆಯಲ್ಲಿ ಬೀದಿ ನಾಟಕದ ತಂಡವೊಂದು ಬೆಳೆ ವಿಮೆಯ ಬಗ್ಗೆ ಹಾಡು ಹಾಡುತ್ತಿತ್ತು. ನಾವು ವರದಿಗೆಂದು ಹೋಗಿದ್ದೆವು. ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಧಾಟಿಗೆ ಅವರು ಹೊಸ ಮಾತು ಹೊಂದಿಸಿದ್ದರು. ಪಲ್ಲವಿ ಹೀಗಿತ್ತು: ‘ಬೆಳೆ ವಿಮೆ ಮಾಡಿಸಣ್ಣ’. ಹಲಗೆಯ ಪೆಟ್ಟಿಗೆ ಜನ ಸೇರಿದರು, ಹಾಡು ಮುಗಿಯಿತು. ನಮ್ಮ ಪಕ್ಕದಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: “ಅಲ್ಲಪ್ಪಾ, ಬೇಳೆಗೂ ವಿಮೆ ಬಂತಾ ಈಗ?”

ಸುತ್ತಲಿದ್ದವರು ನಕ್ಕರು. ಆದರೆ ಅಜ್ಜಿಯ ಕಿವಿ ತಪ್ಪಿರಲಿಲ್ಲ. ಹಾಡಿನಲ್ಲಿ ಕೇಳಿಸಿದ್ದೇ ‘ಬೇಳೆ ವೀಮೆ’. ಹಾಡು ಬರೆದವರನ್ನು ಕೇಳಿದೆವು. ಅವರು ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು: “ಧಾಟಿಯಲ್ಲಿ ಎಂಟು ಸ್ವರ, ನಮ್ಮ ಸಾಲಿನಲ್ಲೂ ಎಂಟೇ ಅಕ್ಷರ. ನೋಡಿ ಸಾರ್, ಬೆ-ಳೆ-ವಿ-ಮೆ-ಮಾ-ಡಿ-ಸ-ಣ್ಣ. ಎಲ್ಲಿ ತಪ್ಪಿದೆ ಹೇಳಿ?”

ಎಣಿಕೆಯಲ್ಲಿ ತಪ್ಪಿರಲಿಲ್ಲ. ಆದರೂ ಹಾಡು ತಪ್ಪಾಗಿತ್ತು. ಇದು ಆ ತಂಡ ಒಂದೇ ಎಡವಿದ ಕಲ್ಲಲ್ಲ. ಸುಮಾರು 190 ವರ್ಷಗಳ ಹಿಂದೆ ಮಂಗಳೂರಿಗೆ ಹಡಗಿನಲ್ಲಿ ಬಂದ ಜರ್ಮನ್ ಪಾದ್ರಿಗಳ ಎದುರಿಗೂ ಇದೇ ಕಲ್ಲು ಇತ್ತು. ಆ ಕಥೆ ಹೇಳಿದರೆ ಸಂತೆಯ ಹಾಡನ್ನು ಸರಿಮಾಡುವ ದಾರಿಯೂ ಸಿಗುತ್ತದೆ.

ನಮ್ಮ ಮಟ್ಟು, ನಮ್ಮ ಮಾತು

ಹಳೆಯ ಧಾಟಿಗೆ ಹೊಸ ಮಾತು ಕೂಡಿಸುವುದು ಕನ್ನಡಕ್ಕೆ ಹೊಸದೇನಲ್ಲ. ಯಕ್ಷಗಾನದ ಪ್ರಸಂಗ ಬರೆಯುವ ಕವಿ ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಬರೆಯುತ್ತಾನೆ. ಆ ಪದ್ಯ ಯಾವ ಮಟ್ಟಿನದು ಎಂದು ಭಾಗವತರಿಗೆ ಓದುತ್ತಿದ್ದಂತೆ ಗೊತ್ತಾಗುತ್ತದೆ. ಗದಗಿನ ಕಡೆ 1870ರ ದಶಕದಲ್ಲಿ ಶಾಂತಕವಿಗಳು ಕನ್ನಡ ನಾಟಕ ಕಟ್ಟತೊಡಗಿದ ಮೇಲೆ, ಕಂಪನಿ ನಾಟಕಗಳ ಕಾಲದುದ್ದಕ್ಕೂ ಇದೇ ಪದ್ಧತಿ ಬೆಳೆಯಿತು. ‘ಇಂಥ ಹಾಡಿನ ಮಟ್ಟು’ ಎಂದು ಒಂದು ಸಾಲು ಬರೆದರೆ ಸಾಕು, ಹಾರ್ಮೋನಿಯಂ ಮಾಸ್ತರು ನುಡಿಸಲು ಶುರು ಮಾಡುತ್ತಿದ್ದರು.

ಇಲ್ಲಿ ಹೆಚ್ಚು ಜಗಳ ಬರುತ್ತಿರಲಿಲ್ಲ. ಮಟ್ಟೂ ಮಾತೂ ಒಂದೇ ಲೆಕ್ಕದಲ್ಲಿ ಹುಟ್ಟಿದ್ದವು ಎನ್ನುವುದೇ ಕಾರಣ. ಆ ಲೆಕ್ಕ ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ: ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಹ್ರಸ್ವವಾದರೂ ಮುಂದೆ ಒತ್ತಕ್ಷರ ಬಂದರೆ, ಅಥವಾ ಪಕ್ಕದಲ್ಲಿ ಸೊನ್ನೆ ಇದ್ದರೆ, ಅದೂ ಗುರು. ‘ಬೆಳೆ’ ಎಂದರೆ ಎರಡು ಲಘು, ಎರಡು ಮಾತ್ರೆ. ‘ಬೇಳೆ’ ಎಂದರೆ ಒಂದು ಗುರು, ಒಂದು ಲಘು, ಮೂರು ಮಾತ್ರೆ. ಅಕ್ಷರ ಎರಡರಲ್ಲೂ ಎರಡೇ. ಅವುಗಳನ್ನು ಬೇರೆ ಮಾಡುವುದು ಉದ್ದ.

ಕನ್ನಡದಲ್ಲಿ ಈ ಉದ್ದದ ಮೇಲೆ ಅರ್ಥವೇ ನಿಂತಿದೆ. ಕೊಡು ಬೇರೆ, ಕೋಡು ಬೇರೆ. ನಡು ಬೇರೆ, ನಾಡು ಬೇರೆ. ಮಡಿ ಬೇರೆ, ಮಾಡಿ ಬೇರೆ. ಹಾಗೆಯೇ ಬಳೆ ತೊಡುವುದು, ಬಾಳೆ ತಿನ್ನುವುದು. ಇದನ್ನು ಹೊಲದಲ್ಲಿ ಕೂಗಿ ಕರೆಯುವವನೂ ಮರೆಯುವುದಿಲ್ಲ. ಹಾಡು ಕಟ್ಟುವಾಗ ಮಾತ್ರ ಮರೆತುಹೋಗುತ್ತದೆ.

ಹಡಗಿನಲ್ಲಿ ಬಂದ ರಾಗಗಳು

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ ಸಂಸ್ಥೆಯ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದರು. ಮುಂದೆ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದವರು ಇವರೇ. ನಮ್ಮ ಕಸುಬಿನವರಿಗೆಲ್ಲ ಆ ಹೆಸರು ಗೊತ್ತು. ಆದರೆ ಇವರು ಪತ್ರಿಕೆಯ ಜೊತೆಗೆ ಇನ್ನೊಂದನ್ನೂ ತಂದರು. ಅದು ಜರ್ಮನಿಯ ಚರ್ಚುಗಳಲ್ಲಿ ಹಾಡುವ ರಾಗ.

ಈ ರಾಗಗಳ ಗುಣ ತಿಳಿಯದೆ ಮುಂದಿನ ಮಾತು ತಿಳಿಯದು. ಅವು ಒಬ್ಬ ಗಾಯಕ ಕೂತು ಎಳೆದು ಬಳುಕಿಸಿ ಹಾಡುವಂಥವಲ್ಲ. ಚರ್ಚಿನಲ್ಲಿ ಸೇರಿದ ಇನ್ನೂರು ಜನ, ಮುದುಕರು ಮಕ್ಕಳೆಲ್ಲ, ಒಟ್ಟಿಗೆ ಹಾಡಬೇಕು. ಹಾಗಾಗಿ ಹೆಚ್ಚಿನ ಕಡೆ ಒಂದು ಸ್ವರಕ್ಕೆ ಒಂದೇ ಅಕ್ಷರ. ಹಾಡಿನ ಪುಸ್ತಕಗಳಲ್ಲಿ ರಾಗದ ಪಕ್ಕದಲ್ಲಿ 8.7.8.7 ಎಂಬಂಥ ಅಂಕಿ ಇರುತ್ತದೆ. ಮೊದಲ ಸಾಲಿಗೆ ಎಂಟು ಅಕ್ಷರ, ಎರಡನೆಯದಕ್ಕೆ ಏಳು, ಮತ್ತೆ ಎಂಟು, ಮತ್ತೆ ಏಳು ಎಂದು ಅದರ ಅರ್ಥ. ಅಂಕಿ ಕೂಡಿದರೆ ಒಂದು ರಾಗದ ಮಾತನ್ನು ಇನ್ನೊಂದು ರಾಗಕ್ಕೂ ಹಾಕಿ ಹಾಡಬಹುದು. ಸಂತೆಯ ಹಾಡುಗಾರರು ಬೆರಳು ಮಡಿಸಿದ್ದು ಇದೇ ಲೆಕ್ಕಕ್ಕೆ.

ಆದರೆ ಜರ್ಮನ್ ಭಾಷೆಯಲ್ಲಿ ಆ ಅಂಕಿಯ ಹಿಂದೆ ಬರೆಯದೇ ಬಿಟ್ಟ ಇನ್ನೊಂದು ನಿಯಮ ಇರುತ್ತದೆ. ಅದು ಪೆಟ್ಟು. ಜರ್ಮನ್, ಇಂಗ್ಲಿಷ್ ಮಾತುಗಳಲ್ಲಿ ಒಂದು ಪದದ ಯಾವುದೋ ಒಂದು ಅಕ್ಷರದ ಮೇಲೆ ಒತ್ತು ಬಲವಾಗಿ ಬೀಳುತ್ತದೆ, ಉಳಿದವು ಮೆತ್ತಗಾಗುತ್ತವೆ. ತಾಳದ ಪೆಟ್ಟು ಬೀಳುವ ಜಾಗಕ್ಕೆ ಮಾತಿನ ಒತ್ತಿನ ಅಕ್ಷರ ಬಂದು ಕೂರಬೇಕು. ಅಲ್ಲಿಯ ಕವಿಯ ಕಿವಿ ಕಾಯುವುದು ಅದನ್ನೇ. ಕನ್ನಡದ ಕಿವಿ ಕಾಯುವುದು ಉದ್ದವನ್ನು.

ಎಣಿಕೆಯ ತೊಡಕು

ಮೊದಲ ತೊಡಕು ಎಣಿಕೆಯಲ್ಲೇ ಬರುತ್ತದೆ. ಜರ್ಮನ್ ಭಾಷೆಯಲ್ಲಿ ಒಂದೇ ಅಕ್ಷರದ ಮಾತು ಬೇಕಾದಷ್ಟಿವೆ. ಕನ್ನಡದಲ್ಲಿ ಬಾ, ತಾ, ನೀ, ಕೈ, ಈ, ಆ ಇಂಥ ಕೆಲವು ಬಿಟ್ಟರೆ ಉಳಿದವೆಲ್ಲ ಎರಡು, ಮೂರು, ನಾಲ್ಕು ಅಕ್ಷರದವು. ಅದರ ಮೇಲೆ ಪ್ರತ್ಯಯ ಅಂಟುತ್ತದೆ. ‘ರಕ್ಷಿಸುತ್ತಾನೆ’ ಎಂದು ಒಂದು ಮಾತು ಹೇಳಿದರೆ ಐದು ಅಕ್ಷರ ಖರ್ಚು. ಎಂಟು ಅಕ್ಷರದ ಸಾಲಿನಲ್ಲಿ ಉಳಿಯುವುದು ಮೂರೇ. ಯಾರನ್ನು, ಯಾರು, ಯಾವುದರಿಂದ ಎಂದು ಹೇಳಲು ಜಾಗವಿಲ್ಲ.

ಗೌರವಕ್ಕೂ ಅಕ್ಷರದ ಬೆಲೆ ತೆರಬೇಕು. ‘ಬಾ’ ಒಂದು ಅಕ್ಷರ. ‘ಬನ್ನಿ’ ಎರಡು. ‘ಮಾಡು’ ಎರಡು, ‘ಮಾಡಿರಿ’ ಮೂರು. ಹಿರಿಯರನ್ನು ಕುರಿತ ಹಾಡು ಮಕ್ಕಳನ್ನು ಕುರಿತ ಹಾಡಿಗಿಂತ ಉದ್ದವಾಗುತ್ತದೆ. ಹಾಡಿನಲ್ಲಿ ದೇವರನ್ನೂ ರಾಜನನ್ನೂ ನಾವು ‘ನೀನು’ ಎಂದೇ ಕರೆಯುವುದು ಮೊದಲಿನಿಂದ ಬಂದ ರೂಢಿ. ಆ ರೂಢಿ ಈ ಇಕ್ಕಟ್ಟಿನಲ್ಲಿ ಅನುಕೂಲಕ್ಕೂ ಬಂತು.

ಇನ್ನೊಂದು ದಾರಿ ಹಳೆಯ ಕನ್ನಡದ ಮೊಟಕು ರೂಪಗಳು. ‘ಇರುವನು’ ಎನ್ನಲು ನಾಲ್ಕು ಅಕ್ಷರ, ‘ಇಹನು’ ಎಂದರೆ ಮೂರು. ‘ಕಾಯುವನು’ ನಾಲ್ಕು, ‘ಕಾಯ್ವನು’ ಮೂರು. ಚರ್ಚಿನ ಹಾಡಿನಲ್ಲಿ, ನಾಟಕದ ಹಾಡಿನಲ್ಲಿ ಮಾತಿಗಿಂತ ಹಳೆಯದಾದ ಕನ್ನಡ ಯಾಕೆ ಉಳಿದುಕೊಂಡಿದೆ ಎಂದು ನಾವು ಅಂದುಕೊಳ್ಳುವುದುಂಟು. ಭಕ್ತಿ, ಪಾಂಡಿತ್ಯ ಒಂದು ಕಾರಣ ಇರಬಹುದು. ಜಾಗ ಉಳಿಸುವುದೂ ಒಂದು ಕಾರಣ.

ಪೆಟ್ಟಿಗೆ ಮುಂಚಿನ ಅಕ್ಷರ

ಎರಡನೆಯ ತೊಡಕು ಪೆಟ್ಟಿನದು. ಯುರೋಪಿನ ಬಹಳ ರಾಗಗಳು ಪೆಟ್ಟಿನಿಂದ ಶುರುವಾಗುವುದಿಲ್ಲ. ಪೆಟ್ಟಿಗೆ ಮುಂಚೆ ಒಂದು ಮೆತ್ತನೆಯ ಸ್ವರ ಬರುತ್ತದೆ, ಆಮೇಲೆ ಪೆಟ್ಟು. ಕೈ ಎತ್ತುವಾಗ ಒಂದು ಅಕ್ಷರ, ಬಡಿಯುವಾಗ ಇನ್ನೊಂದು ಎಂದುಕೊಳ್ಳಿ. ನಮ್ಮ ಸಂಗೀತದವರಿಗೂ ಇದು ಗೊತ್ತು. ಹಾಡು ಎತ್ತಿಕೊಳ್ಳುವ ಜಾಗಕ್ಕೆ ಅವರು ಎಡುಪು ಎನ್ನುತ್ತಾರೆ. ತಾಳದ ಮೊದಲ ಪೆಟ್ಟಿಗಿಂತ ಮುಂಚೆ ಎತ್ತಿಕೊಂಡರೆ ಅದು ಅತೀತ. ಆದರೆ ಅಲ್ಲಿ ಎಳೆದು ಹಾಡುವ ಸ್ವಾತಂತ್ರ್ಯ ಗಾಯಕನಿಗಿದೆ. ಇನ್ನೂರು ಜನ ಒಟ್ಟಿಗೆ ಹಾಡುವಲ್ಲಿ ಅದಿಲ್ಲ.

ಕನ್ನಡದ ಮಾತಿನಲ್ಲಿ ಒತ್ತು ಬಹಳ ಹಗುರ. ಇರುವಷ್ಟು ಒತ್ತು ಪದದ ಮೊದಲ ಅಕ್ಷರದ ಮೇಲೆ ಇರುತ್ತದೆ. ಅಂದರೆ ಕನ್ನಡದ ಪದ ಪೆಟ್ಟಿನಿಂದ ಶುರುವಾಗಲು ಬಯಸುತ್ತದೆ, ಆ ರಾಗ ಪೆಟ್ಟಿಗೆ ಮುಂಚೆ ಶುರುವಾಗುತ್ತದೆ.

ಜಿನೀವಾದಲ್ಲಿ 1551ರ ಕೀರ್ತನೆ ಪುಸ್ತಕದಲ್ಲಿ ಅಚ್ಚಾದ ಒಂದು ರಾಗವಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಓಲ್ಡ್ ಹಂಡ್ರೆಡ್ತ್’. ಇಂದಿಗೂ ಲೋಕದ ಎಷ್ಟೋ ಚರ್ಚುಗಳಲ್ಲಿ ಅದನ್ನು ಹಾಡುತ್ತಾರೆ. ಅದಕ್ಕೆ ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ. ಈಗ ರೂಢಿಯಲ್ಲಿರುವಂತೆ ಹಾಡಿದರೆ ಮೆತ್ತಗೆ-ಜೋರು, ಮೆತ್ತಗೆ-ಜೋರು ಎಂದು ನಡೆಯುತ್ತದೆ. ಪೆಟ್ಟು ಬೀಳುವುದು 2, 4, 6, 8ನೇ ಅಕ್ಷರಕ್ಕೆ.

ಪರೀಕ್ಷೆಗೆಂದು ನಾವೇ ಒಂದು ಸಾಲು ಕಟ್ಟಿದೆವು: ‘ದೇವರು ನಮ್ಮ ಕಾಯುವ’. ಎಣಿಸಿ: ದೇ-ವ-ರು-ನ-ಮ್ಮ-ಕಾ-ಯು-ವ. ಸರಿಯಾಗಿ ಎಂಟು. ಈಗ ಎರಡನೆಯ ಅಕ್ಷರಕ್ಕೆ ಚಪ್ಪಾಳೆ ತಟ್ಟಿ ಹಾಡಿ. ಚಪ್ಪಾಳೆ ‘ವ’ ಮೇಲೆ ಬೀಳುತ್ತದೆ. ‘ದೇ’ ಎಂಬ ಗುರು ಮೆತ್ತಗೆ ಜಾರಿಹೋಗಿ ‘ದೆ-ವಾ-ರು’ ಎಂದಾಗುತ್ತದೆ. ದೇವರ ಹೆಸರೇ ಕೆಟ್ಟಿತು. ಮುಂದಿನ ‘ನಮ್ಮ’, ‘ಕಾಯುವ’ ತಾವಾಗಿ ಪೆಟ್ಟಿಗೆ ಸಿಕ್ಕವು. ಕೆಟ್ಟದ್ದು ಶುರುವಿನಲ್ಲಿ ಮಾತ್ರ.

ಸರಿಮಾಡಲು ಮುಂದೆ ಒಂದು ಒಂಟಿ ಅಕ್ಷರ ಇಡಬೇಕು: ‘ಓ ದೇವ ನಮ್ಮ ಕಾಯ ಬಾ’. ಓ-ದೇ-ವ-ನ-ಮ್ಮ-ಕಾ-ಯ-ಬಾ. ಇದೂ ಎಂಟೇ. ಆದರೆ ಪೆಟ್ಟು ಈಗ ದೇ, ನ, ಕಾ, ಬಾ ಮೇಲೆ ಬೀಳುತ್ತದೆ. ನಾಲ್ಕೂ ಪದದ ಮೊದಲ ಅಕ್ಷರ, ನಾಲ್ಕೂ ಗುರು. ‘ನಮ್ಮ’ದ ‘ನ’ ಮುಂದೆ ಒತ್ತಕ್ಷರ ಇರುವುದರಿಂದ ಗುರು. ಕೈ ಎತ್ತುವ ಜಾಗದಲ್ಲಿ ‘ಓ’ ಕೂತಿತು, ಬಡಿಯುವ ಜಾಗಕ್ಕೆ ‘ದೇ’ ಬಂತು. ಇಂಥ ರಾಗಕ್ಕೆ ಮಾತು ಹೊಂದಿಸುವವರಿಗೆ ಓ, ಹೇ, ಈ, ಆ, ನೀ ಇವು ಯಾಕೆ ಇಷ್ಟು ಬೇಕಾಗುತ್ತವೆ ಎನ್ನುವುದು ಇದರಿಂದ ತಿಳಿಯುತ್ತದೆ. ಅವು ಸಾಲಿನ ಹೊಸ್ತಿಲಿದ್ದಂತೆ. ಹೊಸ್ತಿಲು ದಾಟಿದ ಮೇಲೆಯೇ ಮನೆ.

ಎಲ್ಲರಿಗೂ ಗೊತ್ತಿರುವ ಒಂದು ರಾಗ

ಚರ್ಚಿನ ರಾಗ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಕೇಕ್ ಕತ್ತರಿಸುವಾಗ ಹಾಡುವ ಹ್ಯಾಪಿ ಬರ್ತ್‌ಡೇ ರಾಗವನ್ನು ತೆಗೆದುಕೊಳ್ಳೋಣ. ಇದರಲ್ಲೂ ಪೆಟ್ಟಿಗೆ ಮುಂಚಿನ ಸ್ವರವಿದೆ. ಅಲ್ಲದೆ ಈ ಹಾಡೇ ಹಳೆಯ ರಾಗಕ್ಕೆ ಕೂಡಿಸಿದ ಹೊಸ ಮಾತು.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ಯಾಟಿ ಹಿಲ್, ಮಿಲ್ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ನಮಸ್ಕಾರದ ಹಾಡು ಕಟ್ಟಿದರು. 1893ರಲ್ಲಿ ಅದು ಪುಸ್ತಕದಲ್ಲಿ ಅಚ್ಚಾಯಿತು. ಅದರ ಮೊದಲ ಸಾಲಿಗೆ ಐದು ಅಕ್ಷರ, ಐದು ಸ್ವರ. ಆಮೇಲೆ ಅದೇ ರಾಗಕ್ಕೆ ಹುಟ್ಟುಹಬ್ಬದ ಮಾತು ಬಂದಾಗ ಅಕ್ಷರ ಆರಾಯಿತು. ಆರನೆಯದಕ್ಕೆ ಜಾಗ ಎಲ್ಲಿಂದ ಬಂತು? ಪೆಟ್ಟಿಗೆ ಮುಂಚಿನ ಒಂದು ಸ್ವರವನ್ನು ಎರಡಾಗಿ ಒಡೆದರು. ಸ್ವರ ಒಡೆಯಿತು, ಅದರ ಹೊತ್ತು ಬದಲಾಗಲಿಲ್ಲ, ಪೆಟ್ಟೂ ಅಲ್ಲೇ ಉಳಿಯಿತು. ಈ ಯುಕ್ತಿಯನ್ನು ನೆನಪಿಡಿ, ಸಂತೆಯ ಹಾಡಿಗೆ ಬೇಕಾಗುತ್ತದೆ.

ರಾಗ ಗುನುಗುತ್ತ ಚಪ್ಪಾಳೆ ತಟ್ಟಿ ನೋಡಿ. ಮೊದಲೆರಡು ಸ್ವರ ಚಿಕ್ಕವು, ಎರಡೂ ಸೇರಿ ಒಂದು ಎಣಿಕೆ. ಮೂರನೆಯ ಸ್ವರಕ್ಕೆ ಪೆಟ್ಟು. ಮೂರು, ನಾಲ್ಕು, ಐದು ಇವು ಒಂದೊಂದು ಎಣಿಕೆ. ಆರನೆಯದಕ್ಕೆ ಮತ್ತೆ ಪೆಟ್ಟು, ಅದು ಎರಡು ಎಣಿಕೆ ಎಳೆಯುತ್ತದೆ. ಒಟ್ಟು ಆರು ಎಣಿಕೆ. ಮೂರನೆಯ ಸಾಲಿನಲ್ಲಿ ಮಾತ್ರ ಕೊನೆಗೆ ಒಂದು ಸ್ವರ ಹೆಚ್ಚು, ಅಲ್ಲಿ ಏಳು ಅಕ್ಷರ ಹಿಡಿಯುತ್ತದೆ.

ಮೊದಲು ನಮಗೆ ಹೊಳೆದ ಸಾಲು ‘ಹುಟ್ಟುಹಬ್ಬವಿದು’. ಹು-ಟ್ಟು, ಹ-ಬ್ಬ-ವಿ, ದು. ಆರು ಅಕ್ಷರ ಸರಿ. ಪೆಟ್ಟು ‘ಹಬ್ಬ’ದ ‘ಹ’ ಮೇಲೆ, ಅದೂ ಸರಿ. ಆದರೆ ಕೊನೆಯ ‘ದು’ ಎಂಬ ಲಘು ಎರಡು ಎಣಿಕೆ ಎಳೆಯಬೇಕಾಯಿತು. ಹಾಡಿದರೆ ‘ಹುಟ್ಟುಹಬ್ಬವಿದೂ’. ‘ಇದೂ’ ಎಂದರೆ ಇದು ಸಹ! ಮಗುವಿಗೆ ವರ್ಷಕ್ಕೊಂದೇ ಹುಟ್ಟುಹಬ್ಬ, ‘ಇದೂ ಒಂದು’ ಎಂದು ಹಾಡಿದಂತಾಯಿತು. ಸಾಲಿನ ಕೊನೆಯ ಲಘುವನ್ನು ಗುರು ಎಂದು ಎಣಿಸಲು ಛಂದಸ್ಸು ಒಪ್ಪುತ್ತದೆ. ಆದರೆ ಕನ್ನಡದಲ್ಲಿ ಕೊನೆಯ ಸ್ವರ ಉದ್ದವಾದರೆ ಹಲವು ಕಡೆ ಅರ್ಥ ಬದಲಾಗುತ್ತದೆ. ಅವನು, ಅವನೂ. ಮನೆ, ಮನೇ. ಛಂದಸ್ಸು ಒಪ್ಪಿದರೂ ಅಜ್ಜಿಯ ಕಿವಿ ಒಪ್ಪಲಿಕ್ಕಿಲ್ಲ.

ತಿದ್ದಿದ ಮೇಲೆ ನಾಲ್ಕು ಸಾಲು ಹೀಗಾಯಿತು:

ಹುಟ್ಟು | ಹಬ್ಬಕೆ | ಬಾ
ಪುಟ್ಟ | ತಂಗಿಯೆ | ಬಾ
ಹೊಸ | ಬಟ್ಟೆಯ | ತೊಟ್ಟು
ನಗು | ಚೆಲ್ಲುತ | ಬಾ

ಗೆರೆ ಎಳೆದ ಜಾಗದಲ್ಲಿ ಪೆಟ್ಟು. ಪ್ರತಿ ಸಾಲಿನಲ್ಲೂ ಪೆಟ್ಟಿಗೆ ಮುಂಚೆ ಎರಡಕ್ಷರದ ಒಂದು ಚಿಕ್ಕ ಮಾತು ಕೂತು ಮುಗಿದಿದೆ. ಹಾಗಾಗಿ ಮುಖ್ಯವಾದ ಮಾತು ಪೆಟ್ಟಿನ ಮೇಲೆ ಹೊಸದಾಗಿ ಶುರುವಾಗುತ್ತದೆ. ಪೆಟ್ಟಿನ ಅಕ್ಷರಗಳನ್ನು ನೋಡಿ: ಹ, ತಂ, ಬ, ಚೆ. ಎಲ್ಲವೂ ಗುರು. ಕೊನೆಯಲ್ಲಿ ಎಳೆಯುವ ಜಾಗಕ್ಕೆ ‘ಬಾ’ ಇದೆ. ಅದು ಹುಟ್ಟಿನಿಂದಲೇ ದೀರ್ಘ, ಎಷ್ಟು ಎಳೆದರೂ ಅರ್ಥ ಕೆಡದು. ಮೂರನೆಯ ಸಾಲಿನ ಹೆಚ್ಚಿನ ಸ್ವರಕ್ಕೆ ‘ತೊಟ್ಟು’ ಎಂಬ ಎರಡಕ್ಷರ ಬಂತು.

ಒಂದು ಕಡೆ ಹುಷಾರಾಗಿರಬೇಕು. ಇಂಗ್ಲಿಷಿನಲ್ಲಿ ಹಾಡುವಾಗ ಮೊದಲೆರಡು ಸ್ವರಗಳಲ್ಲಿ ಮೊದಲನೆಯದನ್ನು ಸ್ವಲ್ಪ ಎಳೆಯುತ್ತಾರೆ. ‘ಹುಟ್ಟು’, ‘ಪುಟ್ಟ’ ಇವುಗಳಿಗೆ ಆ ಎಳೆತ ಒಗ್ಗುತ್ತದೆ, ಮೊದಲ ಅಕ್ಷರ ಗುರುವಲ್ಲವೆ. ‘ಹೊಸ’, ‘ನಗು’ ಎರಡೂ ಲಘು. ಅಲ್ಲಿ ಎರಡನ್ನೂ ಸಮನಾಗಿ ಹಾಡಬೇಕು. ಇಲ್ಲವಾದರೆ ‘ನಾಗು ಚೆಲ್ಲುತ ಬಾ’ ಎಂದು ಕೇಳಿಸುತ್ತದೆ. ತಂಗಿ ಎಂದು ಕರೆದದ್ದಕ್ಕೂ ಈ ಅಳತೆಯೇ ಕಾರಣ. ತಾತನ ಹುಟ್ಟುಹಬ್ಬವಾದರೆ ‘ಬನ್ನಿ’ ಎನ್ನಬೇಕು. ಆಗ ಕೊನೆಯ ಸ್ವರವನ್ನು ಎರಡಾಗಿ ಒಡೆಯದೆ ಗತಿಯಿಲ್ಲ.

ಕಿಟೆಲರು ಹಿಡಿದ ಇನ್ನೊಂದು ದಾರಿ

ಮತ್ತೆ ಮಂಗಳೂರಿಗೆ ಬರೋಣ. ಜರ್ಮನ್ ರಾಗಕ್ಕೆ ಕನ್ನಡ ಮಾತನ್ನು ಕತ್ತರಿಸುವ ಕೆಲಸ ನಡೆದೇ ಇತ್ತು. ಅದೇ ಕಾಲದಲ್ಲಿ ಮಿಶನ್ನಿನವರು ಇಲ್ಲಿಯ ಹಾಡನ್ನೂ ಕಿವಿಗೊಟ್ಟು ಕೇಳುತ್ತಿದ್ದರು. ದಾಸರ ಪದಗಳನ್ನು ಕೂಡಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಮೊಗ್ಲಿಂಗರೇ.

1853ರಲ್ಲಿ ಫರ್ಡಿನೆಂಡ್ ಕಿಟೆಲ್ ಬಂದರು. ನಿಘಂಟಿನ ಕಿಟೆಲ್ ಎಂದರೆ ಎಲ್ಲರಿಗೂ ಗೊತ್ತು. ಆ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೂ ಮೂವತ್ತೆರಡು ವರ್ಷ ಮುಂಚೆ, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕಾವ್ಯ ಬರೆದರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ, ಇಲ್ಲಿಯವರು ಇಲ್ಲಿಯ ರೀತಿಯಲ್ಲಿ ಹಾಡಿಕೊಳ್ಳುವಂತೆ ಹೇಳಿದ ಪುಸ್ತಕ ಅದು. ದೂರದ ರಾಗಕ್ಕೆ ಕನ್ನಡವನ್ನು ಬಗ್ಗಿಸುವ ಬದಲು, ದೂರದ ಕಥೆಯನ್ನೇ ಕನ್ನಡದ ನಡೆಗೆ ತಂದರು.

ಅಲ್ಲಿಗೂ ನಿಲ್ಲಲಿಲ್ಲ. ಕನ್ನಡದ ಹಾಡು ಯಾವ ಲೆಕ್ಕದಲ್ಲಿ ನಡೆಯುತ್ತದೆ ಎಂದು ತಿಳಿಯಲು ಹಳೆಯ ಓಲೆಗರಿಗಳಿಗೆ ಹೋದರು. ನಾಗವರ್ಮನ ‘ಛಂದೋಂಬುಧಿ’ ಎಂಬ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಒತ್ತನ್ನು ಕೇಳುತ್ತ ಬೆಳೆದ ಕಿವಿ ಮಾತ್ರೆಯನ್ನು ಎಣಿಸಲು ಕಲಿತದ್ದಕ್ಕೆ ಆ ಪುಸ್ತಕ ಸಾಕ್ಷಿ ಎಂದು ನಮಗನ್ನಿಸುತ್ತದೆ.

ಎರಡು ದಾರಿಯೂ ಮುಚ್ಚಿಹೋಗಲಿಲ್ಲ. ಕರಾವಳಿಯ, ಧಾರವಾಡ ಸೀಮೆಯ ಚರ್ಚುಗಳಲ್ಲಿ ಜರ್ಮನ್ ಮೂಲದ ರಾಗದ ಕನ್ನಡ ಹಾಡೂ ಇದೆ, ಇಲ್ಲಿಯ ಧಾಟಿಯ ಹಾಡೂ ಇದೆ. ಮುಂದೆ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದರು. ಅವರು ಇಂಗ್ಲಿಷಿನ ಒತ್ತನ್ನು ಹಾಗೇ ತರಲು ಹೋಗಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಹೊಸ ಹೊಸ ರೀತಿಯಲ್ಲಿ ಜೋಡಿಸಿ ಅದರ ನಡೆಯನ್ನು ತೋರಿಸಿದರು. ಪೆಟ್ಟಿಗೆ ಮುಂಚಿನ ಅಕ್ಷರಗಳಿಗೂ ಹೊಸಗನ್ನಡದ ಛಂದಸ್ಸಿನಲ್ಲಿ ಹೆಸರು ಸಿಕ್ಕಿತು. ಸಾಲಿನ ಆರಂಭದಲ್ಲಿ ಗಣದ ಲೆಕ್ಕಕ್ಕೆ ಹೊರಗೆ ನಿಲ್ಲುವ ಆ ತುಣುಕಿಗೆ ಪದ್ಮಗಣ ಎನ್ನುತ್ತಾರೆ. ನಮ್ಮ ‘ಓ ದೇವ’ದ ‘ಓ’, ‘ಹೊಸ ಬಟ್ಟೆ’ಯ ‘ಹೊಸ’ ಕೂತದ್ದು ಆ ಜಾಗದಲ್ಲೇ.

ಸಂತೆಯ ಹಾಡಿಗೆ ಮರಳಿ

ಈಗ ಬೆಳೆ ವಿಮೆಯ ಹಾಡು. ಆ ಧಾಟಿ ಪೆಟ್ಟಿನಿಂದಲೇ ಶುರುವಾಗುತ್ತದೆ, ಆದ್ದರಿಂದ ಹೊಸ್ತಿಲಿನ ಅಕ್ಷರ ಬೇಕಿಲ್ಲ. ಅದರ ಎಂಟು ಸ್ವರಗಳು ಉದ್ದ-ಗಿಡ್ಡ ಎಂದು ನಾಲ್ಕು ಜೋಡಿಯಾಗಿ ಬರುತ್ತವೆ. ಉದ್ದಕ್ಕೆ ಎರಡು ಮಾತ್ರೆ, ಗಿಡ್ಡಕ್ಕೆ ಒಂದು. ಜೋಡಿಗೆ ಮೂರು, ನಾಲ್ಕು ಜೋಡಿಗೆ ಹನ್ನೆರಡು ಮಾತ್ರೆ.

ತಂಡದ ಸಾಲನ್ನು ಇದರ ಪಕ್ಕ ಇಟ್ಟು ನೋಡಿದೆವು. ‘ಮಾಡಿ’ಗೆ ಮೂರು ಮಾತ್ರೆ, ‘ಸಣ್ಣ’ಕ್ಕೆ ಮೂರು. ಎರಡೂ ಕೂಡಿದವು. ಆದರೆ ‘ಬೆಳೆ’ಗೆ ಎರಡೇ, ‘ವಿಮೆ’ಗೂ ಎರಡೇ. ಒಟ್ಟು ಹತ್ತು ಮಾತ್ರೆ, ಎರಡು ಕಡಿಮೆ ಬಿತ್ತು. ಕಡಿಮೆ ಬಿದ್ದ ಎರಡನ್ನು ತುಂಬಲು ಧಾಟಿಯೇ ‘ಬೆ’ಯನ್ನೂ ‘ವಿ’ಯನ್ನೂ ಎಳೆಯಿತು. ಬೆಳೆ ಬೇಳೆಯಾಯಿತು, ವಿಮೆ ವೀಮೆಯಾಯಿತು. ಅಕ್ಷರ ಎಣಿಸಿದವರಿಗೆ ಈ ತೂತು ಕಾಣಲೇ ಇಲ್ಲ.

ಬೆಳೆ ಎನ್ನುವ ಮಾತನ್ನು ತೆಗೆದು ‘ಪೈರು’ ಎಂದು ಹಾಕಬಹುದಿತ್ತು. ‘ಪೈ’ ಗುರು, ‘ರು’ ಲಘು, ಮೂರು ಮಾತ್ರೆ, ಅಳತೆಗೆ ಸರಿ. ಆದರೆ ಕೃಷಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ರೈತ ಕೇಳಬೇಕಾದ ಹೆಸರು ಬೆಳೆ ವಿಮೆ. ಹಾಡಿನಿಂದ ಆ ಮಾತು ಹೋದರೆ ಹಾಡು ಯಾತಕ್ಕೆ ಎಂದು ತಂಡದವರು ಹೇಳಿದರು. ಅವರ ಮಾತು ನಿಜ.

ಆಗ ಎರಡು ಪ್ರತ್ಯಯ ಸೇರಿಸಿ ನೋಡಿದೆವು: ‘ಬೆಳೆಗೆ ವಿಮೆಯ ಮಾಡಿಸಣ್ಣ’.

ಬೆಳೆಗೆ, ಮೂರು ಲಘು, ಮೂರು ಮಾತ್ರೆ. ವಿಮೆಯ, ಮೂರು. ಮಾಡಿ, ಮೂರು. ಸಣ್ಣ, ಮೂರು. ಹನ್ನೆರಡಕ್ಕೆ ಹನ್ನೆರಡು. ಹಿಲ್ ಅಕ್ಕತಂಗಿಯರ ರಾಗದಲ್ಲಿ ಒಡೆದಂತೆ ಇಲ್ಲಿ ಉದ್ದ ಸ್ವರ ಎರಡಾಗಿ ಒಡೆಯಿತು. ‘ಬೆ’, ‘ಳೆ’ ಆ ಎರಡು ಚೂರಿನ ಮೇಲೆ ಕೂತವು, ‘ಗೆ’ ಗಿಡ್ಡ ಸ್ವರಕ್ಕೆ ಹೋಯಿತು. ಪೆಟ್ಟು ‘ಬೆ’ ಮೇಲೆ, ‘ವಿ’ ಮೇಲೆ, ‘ಮಾ’ ಮೇಲೆ, ‘ಸ’ ಮೇಲೆ ಬಿತ್ತು. ಹಾಡು ಬರೆದವರು ಮತ್ತೆ ಬೆರಳು ಮಡಿಸಿದರು. “ಸಾರ್, ಇದು ಹತ್ತು ಅಕ್ಷರ ಆಯ್ತಲ್ಲ? ಧಾಟಿಯಲ್ಲಿ ಎಂಟೇ ಇರೋದು.” ಹಲಗೆಯವರು ಕಾಯಲಿಲ್ಲ, ಬಾರಿಸಿದರು. ಹಾಡಿದರು. ಕೂತಿತು.

ಅಕ್ಷರದ ಎಣಿಕೆ ಬೇಡವೆಂದು ನಾವು ಹೇಳುವುದಿಲ್ಲ. ಅದು ಬೇಗ ಸಿಗುವ ಅಳತೆ. ಆದರೆ ಕನ್ನಡದಲ್ಲಿ ಅದು ಕೊನೆಯ ಅಳತೆ. ಮೊದಲು ಸ್ವರದ ಉದ್ದಕ್ಕೆ ಅಕ್ಷರದ ಉದ್ದ ಕೂಡುತ್ತದೆಯೇ ನೋಡಬೇಕು, ಆಮೇಲೆ ಪೆಟ್ಟಿನ ಮೇಲೆ ಪದದ ಮೊದಲ ಅಕ್ಷರ ಇದೆಯೇ ನೋಡಬೇಕು. ಇವೆರಡೂ ಕೂಡಿದರೆ ಎಂಟು ಹತ್ತಾದರೂ ನಡೆಯುತ್ತದೆ. ಇವೆರಡೂ ಕೆಟ್ಟರೆ ಎಂಟು ಎಂಟೇ ಆದರೂ ನಡೆಯದು.

ಈ ಅಳತೆಗೂ ಒಂದು ಮಿತಿ ಇದೆ. ಧಾಟಿ ನಿಧಾನವಾದರೆ ಒಂದು ಮಾತ್ರೆಯೇ ಇಷ್ಟುದ್ದ ಆಗುತ್ತದೆ, ಆಗ ಲಘುವೂ ಗುರುವಿನಂತೆ ಕೇಳಿಸಬಹುದು. ಕಾಗದದ ಲೆಕ್ಕ ಅಷ್ಟು ದೂರ ಬರುವುದಿಲ್ಲ. ಅದಕ್ಕೆ ತಂಡದವರು ಈಗ ಒಂದು ರೂಢಿ ಮಾಡಿಕೊಂಡಿದ್ದಾರೆ. ಹೊಸ ಹಾಡು ಕಟ್ಟಿದ ಮೇಲೆ, ಅದನ್ನು ಓದಿರದ ಒಬ್ಬರನ್ನು ಬೆನ್ನು ತಿರುಗಿಸಿ ಕೂರಿಸುತ್ತಾರೆ. ಒಮ್ಮೆ ಹಾಡಿ, ಏನು ಕೇಳಿಸಿತು ಎಂದು ಹೇಳಿಸುತ್ತಾರೆ. ಹೇಳಿದ್ದು ಬರೆದದ್ದಕ್ಕೆ ಕೂಡದಿದ್ದರೆ ಆ ಸಾಲನ್ನು ಮತ್ತೆ ಬಿಚ್ಚುತ್ತಾರೆ.

ಮುಂದಿನ ವಾರದ ಸಂತೆಯಲ್ಲಿ ಅಜ್ಜಿ ಅದೇ ಚೀಲದ ಮೇಲೆ ಕೂತಿದ್ದರು. ಹಾಡು ಮುಗಿದ ಮೇಲೆ ನಾವ್ಯಾರೂ ಕೇಳಲಿಲ್ಲ, ಅವರೇ ಕೇಳಿದರು: “ಮೆಣಸಿನಕಾಯಿಗೆ ಕಟ್ಟೋಕೆ ಕಡೇ ದಿನ ಯಾವತ್ತಪ್ಪಾ?”